ಇಪ್ಪತ್ತನೇ ತಾರೀಖಿಗೆ ಒಂದು ದಿನ ಮುಂಚೆ ಕರೆಂಟು ಹೋದರೆ

"ಸರ್, ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ಟ್ಯಾಕ್ಸ್ ಆಫೀಸಿದೆ. ನಾನೂ ಸೇರಿ ಐದು ಜನ, ಸುಮಾರು ಅರವತ್ತು ಅಂಗಡಿಗಳ ಲೆಕ್ಕ ನೋಡ್ತೀವಿ. ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಇರೋದು ಒಂದೇ ಮುಖ್ಯ ಕಂಪ್ಯೂಟರಲ್ಲಿ. ಇನ್ವರ್ಟರ್ ಇದೆ, ಪೆನ್‌ಡ್ರೈವಿಗೆ ಬ್ಯಾಕಪ್ಪೂ ತಗೋತೀವಿ. ಎಲ್ಲಾ ಗೊತ್ತಿರೋದು ನಮ್ಮ ಸೀನಿಯರ್ ಮೇಡಂ ಒಬ್ಬರಿಗೆ. ಅವರೀಗ ಮಗಳ ಬಾಣಂತನಕ್ಕೆ ಎರಡು ತಿಂಗಳು ರಜೆ ಕೇಳಿದಾರೆ. ಕರೆಂಟು, ಡೇಟಾ, ಜನ, ಮೂರಕ್ಕೂ ಒಂದು ಪ್ಲಾನ್ ಮಾಡಿಟ್ಟುಕೊಳ್ಳಬೇಕು. ಎಲ್ಲಿಂದ ಶುರು ಮಾಡಲಿ?"

ಕ್ಯಾಲೆಂಡರಿನಿಂದ ಶುರು ಮಾಡಿ. ಇನ್ವರ್ಟರ್ ಬ್ಯಾಟರಿ ಎಷ್ಟು ದೊಡ್ಡದಿರಬೇಕು ಅನ್ನೋದನ್ನ ಆಮೇಲೆ ನೋಡೋಣ. ಮೊದಲು ಒಂದು ಹಾಳೆ ತಗೊಂಡು, ನಿಮ್ಮ ಆಫೀಸಿನ ಯಾವ ಕೆಲಸ ಎಷ್ಟು ಹೊತ್ತು ನಿಂತರೆ ತಡೆಯುತ್ತದೆ ಅಂತ ಬರೆಯಿರಿ.

ನಿಮ್ಮಂಥ ಆಫೀಸಿನಲ್ಲಿ ಒಂದು ಗಂಟೆಯೂ ತಡೆಯದ ಕೆಲಸ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್. ಗಿರಾಕಿಯ ಗೋಡೌನಿನ ಮುಂದೆ ಲಾರಿ ಲೋಡಾಗಿ ನಿಂತಿರುತ್ತದೆ. ಡ್ರೈವರು ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾನೆ. ಒಂದು ದಿನ ತಡೆಯುವ ಕೆಲಸ ರಿಟರ್ನು. ತಿಂಗಳಿನ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 14ಕ್ಕೆ ಖರೀದಿಯ ತೆರಿಗೆ ತೋರಿಸುವ 2ಬಿ ಬರುತ್ತದೆ, 20ಕ್ಕೆ ತೆರಿಗೆ ಕಟ್ಟಿ ಸಲ್ಲಿಸುವ 3ಬಿ. ಮೂರು ತಿಂಗಳಿಗೊಮ್ಮೆ ಹಾಕುವ ಸಣ್ಣ ಗಿರಾಕಿಗಳಿಗೆ ಕರ್ನಾಟಕದಲ್ಲಿ 22. ಇನ್ನು ಲೆಕ್ಕ ಬರೆಯುವುದು, ಲೆಡ್ಜರ್ ತಾಳೆ ನೋಡುವುದು, ಇವು ಒಂದು ವಾರ ನಿಂತರೂ ಯಾರೂ ಕೇಳುವುದಿಲ್ಲ. ಅಂದರೆ ಅರವತ್ತು ಗಿರಾಕಿಗಳ ಟ್ಯಾಲಿ ಸದಾ ಓಡುತ್ತಲೇ ಇರಬೇಕು ಅಂತ ನೀವು ಅಂದುಕೊಂಡಿದ್ದರೆ ಅದು ತಪ್ಪು. ಓಡಲೇಬೇಕಾದದ್ದು ತಿಂಗಳಲ್ಲಿ ಕೆಲವೇ ದಿನ, ಅದೂ ಕೆಲವೇ ಕೆಲಸ.

ಈ ಹಾಳೆ ಯಾಕೆ ಮುಖ್ಯ ಅನ್ನೋದಕ್ಕೆ ಒಂದು ಘಟನೆ ಹೇಳುತ್ತೇನೆ. ಅದರಲ್ಲಿ ನಿಮ್ಮ ಮೂರೂ ತೊಂದರೆ ಒಟ್ಟಿಗೇ ಬಂದಿವೆ. ಮೂರೂ ಬೇರೆ ಬೇರೆ ದಿನ ಬರುತ್ತವೆ ಅಂತ ನಾನಂತೂ ಈಗ ನಂಬುವುದಿಲ್ಲ.

ಮೂರು ವರ್ಷದ ಹಿಂದೆ, ಮೇ ತಿಂಗಳು, 19ನೇ ತಾರೀಖು. ನಾನು ಆಗ ಇದೇ ಊರಿನ ಒಂದು ಆಫೀಸಿಗೆ ಕಂಪ್ಯೂಟರ್ ಕೆಲಸಕ್ಕೆ ಹೋಗಿ ಬಂದು ಮಾಡುತ್ತಿದ್ದೆ. ಆಫೀಸಿನ ಹೆಸರು ಬೇಡ. ನಲವತ್ತು ಗಿರಾಕಿಗಳು, ಅದರಲ್ಲಿ ಮೂವತ್ತೊಂದು ಜನರ 3ಬಿ ಇನ್ನೂ ಬಾಕಿ. ಸಂಜೆ ನಾಲ್ಕರ ಹೊತ್ತಿಗೆ ಗಾಳಿ ಎದ್ದಿತು. ಮಳೆಗಿಂತ ಮೊದಲು ಧೂಳು ಬಂತು, ಧೂಳಿನ ಹಿಂದೆಯೇ ಕರೆಂಟು ಹೋಯಿತು. ಇನ್ವರ್ಟರ್ ಹಿಡಿದುಕೊಂಡಿತು. ಫ್ಯಾನ್ ತಿರುಗುತ್ತಲೇ ಇತ್ತು, ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸಿತು ಅಷ್ಟೇ. ಆದರೆ ಟ್ಯಾಲಿ ಇದ್ದ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಯಿತು. ಆ ಕ್ಷಣದಲ್ಲಿ ಬೇರೆ ಎರಡು ಕಂಪ್ಯೂಟರಿನಿಂದ ಇಬ್ಬರು ಅದರಲ್ಲೇ ಎಂಟ್ರಿ ಹಾಕುತ್ತಿದ್ದರು.

ಮತ್ತೆ ತೆರೆದಾಗ ಟ್ಯಾಲಿಯಲ್ಲಿ ಎರಡು ಕಂಪನಿ, ಅಂದರೆ ಇಬ್ಬರು ಗಿರಾಕಿಗಳ ಲೆಕ್ಕ, ಓಪನ್ ಆಗಲಿಲ್ಲ. ಡೇಟಾ ಸರಿಯಿಲ್ಲ ಅಂತ ಬಂತು. ಸೀನಿಯರ್ ಆ ದಿನ ಇರಲಿಲ್ಲ. ಸಂಬಂಧಿಕರ ಮದುವೆಗೆ ಅಂತ ಮಲೆನಾಡಿನ ಕಡೆ ಹೋಗಿದ್ದರು, ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಇದ್ದ ಹುಡುಗ ಚುರುಕಿನವನೇ. ಪೆನ್‌ಡ್ರೈವ್ ಹಾಕಿದ, ರಿಸ್ಟೋರ್ ಒತ್ತಿದ, ಎಲ್ಲಾ ಕಂಪನಿ ಅಂತ ಕೊಟ್ಟ. ಎಲ್ಲಿಗೆ ಅಂತ ಕೇಳಿದಾಗ ಮೊದಲಿದ್ದ ಡೇಟಾ ಫೋಲ್ಡರನ್ನೇ ತೋರಿಸಿದ. ಆ ಬ್ಯಾಕಪ್ ತೆಗೆದದ್ದು 8ನೇ ತಾರೀಖು. ಹನ್ನೊಂದು ದಿನ ಹಳೆಯ ಡೇಟಾ ಇವತ್ತಿನ ಒಳ್ಳೆಯ ಡೇಟಾದ ಮೇಲೆ ಕೂತಿತು. ಕರೆಂಟು ಕೆಡಿಸಿದ್ದು ಎರಡು ಕಂಪನಿ. ಬ್ಯಾಕಪ್ ಕೆಡಿಸಿದ್ದು ಮೂವತ್ತೆಂಟು.

ಅವನನ್ನು ಬೈಯಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಆಮೇಲೆ ನಾವು ಕೂತು ಯೋಚನೆ ಮಾಡಿದಾಗ ಹೊಳೆದದ್ದೇ ಈ ಉತ್ತರದ ಮುಖ್ಯ ವಿಷಯ. 3ಬಿ ಹಾಕೋದಕ್ಕೆ ಟ್ಯಾಲಿ ಬೇಕೇ ಬೇಕು ಅಂತೇನಿಲ್ಲ. 11ಕ್ಕೆ ಹಾಕಿದ ಜಿಎಸ್‌ಟಿಆರ್-1ರಿಂದ ಮಾರಾಟದ ತೆರಿಗೆ ಪೋರ್ಟಲಿನಲ್ಲೇ 3ಬಿಗೆ ಬಂದು ಕೂತಿರುತ್ತದೆ. ಖರೀದಿಯ ಇನ್‌ಪುಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆ, 2ಬಿಯಿಂದ ಬಂದಿರುತ್ತದೆ. ಇದಕ್ಕೆ ಬೇಕಾದದ್ದು ಒಂದು ಲ್ಯಾಪ್‌ಟಾಪ್, ಒಂದು ಮೊಬೈಲಿನ ಹಾಟ್‌ಸ್ಪಾಟ್, ಲಾಗಿನ್, ಚಲನ್ ಕಟ್ಟಲು ದುಡ್ಡು, ಕೊನೆಗೆ ಓಟಿಪಿ. ನಾವು ಲ್ಯಾಪ್‌ಟಾಪ್ ಎತ್ತಿಕೊಂಡು ಮಾಲೀಕರ ಮನೆಗೆ ಹೋದೆವು. ಮಂಡಕ್ಕಿ ತರಿಸಿಕೊಂಡು ರಾತ್ರಿ ಹನ್ನೊಂದರವರೆಗೆ ಕೂತೆವು, ಮರುದಿನವೂ ಅಲ್ಲೇ. 20ರ ರಾತ್ರಿಯೊಳಗೆ ಮೂವತ್ತೊಂದರಲ್ಲಿ ಇಪ್ಪತ್ತಾರು ಹೋದವು.

ಉಳಿದ ಐದು ಯಾಕೆ ಹೋಗಲಿಲ್ಲ ಅನ್ನೋದನ್ನ ಗಮನಿಸಿ. ಮೂರು ಗಿರಾಕಿಗಳ ರಿಜಿಸ್ಟ್ರೇಷನ್ ಮಾಡಿಸುವಾಗ ಸೀನಿಯರ್ ಸುಲಭಕ್ಕೆ ಅಂತ ತಮ್ಮದೇ ಮೊಬೈಲ್ ನಂಬರ್ ಕೊಟ್ಟಿದ್ದರು. ಓಟಿಪಿ ಮಲೆನಾಡಿನ ಮದುವೆ ಮನೆಗೆ ಹೋಗುತ್ತಿತ್ತು. ಇನ್ನೆರಡು ಪ್ರೈವೇಟ್ ಲಿಮಿಟೆಡ್ ಕಂಪನಿಗಳು. ಅವಕ್ಕೆ ಓಟಿಪಿ ನಡೆಯುವುದಿಲ್ಲ, ಡಿಜಿಟಲ್ ಸಹಿಯ ಟೋಕನ್ನೇ ಬೇಕು. ಟೋಕನ್ ಇದ್ದದ್ದು ಸೀನಿಯರ್ ಡ್ರಾಯರಿನಲ್ಲಿ. ಡ್ರಾಯರಿನ ಕೀಲಿ ಅವರ ಬ್ಯಾಗಿನಲ್ಲಿ. ಐದೂ 22ಕ್ಕೆ ಹೋದವು.

ದಂಡ ಎಷ್ಟಾಯಿತು? ದಿನಕ್ಕೆ ಐವತ್ತು ರೂಪಾಯಿ ಲೆಕ್ಕದಲ್ಲಿ ಎರಡು ದಿನಕ್ಕೆ ತಲಾ ನೂರು, ಒಟ್ಟು ಐದು ನೂರು. ಬಡ್ಡಿ ವರ್ಷಕ್ಕೆ ಶೇ 18. ಒಂದು ಲಕ್ಷ ನಗದಿನಲ್ಲಿ ಕಟ್ಟಬೇಕಿದ್ದವರಿಗೆ ಎರಡು ದಿನಕ್ಕೆ ನೂರು ರೂಪಾಯಿಯ ಒಳಗೆ. ಅದೇನು ದೊಡ್ಡದಲ್ಲ, ಆಫೀಸಿನವರೇ ಕಟ್ಟಿಕೊಟ್ಟರು. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಹನ್ನೊಂದು ದಿನದ ಎಂಟ್ರಿ ಮತ್ತೆ ಹಾಕಲು ಮೂವರಿಗೆ ಮೂರು ವಾರ ಹಿಡಿಯಿತು. ಮಾರಾಟ, ಖರೀದಿ, ಬ್ಯಾಂಕು ಇವನ್ನು ಬಿಲ್ಲು ನೋಡಿ, ಪೋರ್ಟಲ್ ನೋಡಿ, ಸ್ಟೇಟ್‌ಮೆಂಟ್ ನೋಡಿ ಎಬ್ಬಿಸಬಹುದು. ನಗದು ಖರ್ಚಿನ ವೋಚರು, ಸ್ಟಾಕಿನ ಹೊಂದಾಣಿಕೆ, ಯಾವ ಚೆಕ್ಕು ಯಾವ ಬಿಲ್ಲಿಗೆ ಅನ್ನುವ ಟಿಪ್ಪಣಿ, ಇವು ಎಲ್ಲೂ ಸಿಗುವುದಿಲ್ಲ. ಗಿರಾಕಿಯ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಚೀಟಿ ಹುಡುಕಬೇಕಾಯಿತು.

ಈಗ ನಿಮ್ಮ ಆಫೀಸಿಗೆ ಬರೋಣ.

ಕರೆಂಟಿನದು ಮೊದಲು, ಯಾಕೆಂದರೆ ಅದು ಸುಲಭ. ಇನ್ವರ್ಟರ್ ಇದೆ ಅಂತ ಬರೆದಿದ್ದೀರಿ. ಇನ್ವರ್ಟರ್ ಇರುವುದು ಫ್ಯಾನಿಗೆ, ಲೈಟಿಗೆ. ಮೇನ್ಸ್‌ನಿಂದ ಬ್ಯಾಟರಿಗೆ ತಿರುಗುವಾಗ ಅದು ಒಂದು ಕಣ್ಣುರೆಪ್ಪೆಯಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಫ್ಯಾನಿಗೆ ಅದು ಗೊತ್ತೂ ಆಗುವುದಿಲ್ಲ, ಕಂಪ್ಯೂಟರಿಗೆ ಅಷ್ಟು ಸಾಕು. ಕೆಲವು ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಬೇಗ ತಿರುಗುತ್ತದೆ. ಆದರೂ ಟ್ಯಾಲಿ ಇರುವ ಕಂಪ್ಯೂಟರಿಗೆ ಅದೊಂದನ್ನೇ ನಂಬಬೇಡಿ. ಅದಕ್ಕೂ ಇನ್ವರ್ಟರಿಗೂ ನಡುವೆ 600 ವಿಎಯ ಒಂದು ಸಣ್ಣ ಯುಪಿಎಸ್ ಇಡಿ.

ಅದು ಎಷ್ಟು ಹೊತ್ತು ಬರುತ್ತದೆ? ಆ ಡಬ್ಬಿಯೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್‌ನ ಒಂದು ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವಾಟ್-ಅವರ್. ಅಷ್ಟು ಬೇಗ ಹಿಂಡಿದಾಗ ಕೈಗೆ ಸಿಗುವುದು ಅರ್ಧ, ಸುಮಾರು 40. ಒಂದು ಕಂಪ್ಯೂಟರು, ಒಂದು ಮಾನಿಟರು ಸೇರಿ 120 ವಾಟ್ ಎಳೆದರೆ ಇಪ್ಪತ್ತು ನಿಮಿಷ. ಅದೂ ಬ್ಯಾಟರಿ ಹೊಸದಿದ್ದಾಗ. ಆ ಇಪ್ಪತ್ತು ನಿಮಿಷ ಕೆಲಸ ಮುಂದುವರಿಸಲಿಕ್ಕಲ್ಲ. ಇನ್ವರ್ಟರ್ ಕೈಕೊಟ್ಟರೆ ಎಲ್ಲರೂ ಎಂಟ್ರಿ ಮುಗಿಸಿ, ಟ್ಯಾಲಿ ಮುಚ್ಚಿ, ಕಂಪ್ಯೂಟರ್ ಆಫ್ ಮಾಡಲಿಕ್ಕೆ.

ಇನ್ವರ್ಟರಿನದೂ ಇದೇ ಲೆಕ್ಕ. 150 ಎಎಚ್ ಬ್ಯಾಟರಿ ಅಂದರೆ 1800 ವಾಟ್-ಅವರ್, ಕೈಗೆ ಸಿಗುವುದು ಸುಮಾರು 1200. ಎರಡು ಕಂಪ್ಯೂಟರು, ಒಂದು ಫ್ಯಾನು ಸೇರಿ 300 ವಾಟ್ ಅಂದರೆ ನಾಲ್ಕು ಗಂಟೆ. ಬ್ಯಾಟರಿಗೆ ಮೂರು ವರ್ಷ ಆಗಿದ್ದು, ಡಿಸ್ಟಿಲ್ಡ್ ವಾಟರ್ ಯಾರೂ ನೋಡಿಲ್ಲ ಅಂದರೆ ಅರ್ಧಕ್ಕಿಂತ ಕಡಿಮೆ. ಲೇಸರ್ ಪ್ರಿಂಟರನ್ನು ಮಾತ್ರ ಇನ್ವರ್ಟರಿನ ಲೈನಿಗೂ ಯುಪಿಎಸ್‌ಗೂ ಹಾಕಬೇಡಿ. ಒಂದು ಹಾಳೆ ಹೊರಬರುವ ಮುಂಚೆ ಒಳಗಿನ ರೋಲರ್ ಕಾಯಲು ಅದು ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ, ಕೆಲವು ಸಾವಿರದ ಹತ್ತಿರವೂ ಹೋಗುತ್ತವೆ. ಆಗ ಎಲ್ಲ ಒಟ್ಟಿಗೆ ಬೀಳುತ್ತವೆ.

ಇನ್ನೊಂದು ಮಾತು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಕರೆಂಟನ್ನು ಕೆಲವು ಯುಪಿಎಸ್ ಒಪ್ಪಿಕೊಳ್ಳುವುದಿಲ್ಲ. ಇನ್ವರ್ಟರ್ ಓಡುತ್ತಿದ್ದರೂ ಯುಪಿಎಸ್ ತನ್ನ ಬ್ಯಾಟರಿಯನ್ನೇ ತಿನ್ನುತ್ತಿರುತ್ತದೆ, ಕೀಂ ಕೀಂ ಅನ್ನುತ್ತಿರುತ್ತದೆ, ಇಪ್ಪತ್ತು ನಿಮಿಷಕ್ಕೆ ನಿಂತುಬಿಡುತ್ತದೆ. ಇದನ್ನು ತಿಳಿಯುವ ದಾರಿ ಒಂದೇ. ಒಂದು ಶನಿವಾರ ಮಧ್ಯಾಹ್ನ ಎಲ್ಲ ಸೇವ್ ಮಾಡಿ, ಟ್ಯಾಲಿ ಮುಚ್ಚಿ, ಮೇನ್ ಎಂಸಿಬಿ ಕೆಳಗೆ ಎಳೆಯಿರಿ. ಐದು ನಿಮಿಷ ಆದಮೇಲೂ ಯುಪಿಎಸ್ ಕೂಗುತ್ತಿದ್ದರೆ ನಿಮ್ಮ ಇನ್ವರ್ಟರನ್ನು ಅದು ಒಪ್ಪಿಲ್ಲ ಅಂತಲೇ ಅರ್ಥ. ಸೈನ್ ವೇವ್ ಇನ್ವರ್ಟರ್ ಬೇಕು. ಕೂಗು ನಿಂತಿದ್ದರೆ ಹಾಗೇ ಬಿಟ್ಟು, ಇನ್ವರ್ಟರ್ ಎಷ್ಟು ಹೊತ್ತಿಗೆ ನಿಂತಿತು ಅಂತ ಗಡಿಯಾರ ನೋಡಿ ಬರೆದಿಡಿ. ಆ ಸಂಖ್ಯೆಯೇ ನಿಮ್ಮ ಪ್ಲಾನಿಗೆ ಬೇಕಾದದ್ದು, ಬ್ಯಾಟರಿಯ ಮೇಲೆ ಪ್ರಿಂಟಾಗಿರುವುದಲ್ಲ.

ಇಂಟರ್‌ನೆಟ್ಟಿನ ಡಬ್ಬಿ ಹತ್ತು-ಹದಿನೈದು ವಾಟ್ ಅಷ್ಟೇ ತಿನ್ನುತ್ತದೆ. ಅದಕ್ಕೆ 12 ವೋಲ್ಟಿನ ಒಂದು ಪುಟ್ಟ ಯುಪಿಎಸ್ ಸಿಗುತ್ತದೆ, ಹಾಕಿಬಿಡಿ. ಆದರೆ ಗಾಳಿಮಳೆಗೆ ಎಲ್ಲೋ ಫೈಬರ್ ತುಂಡಾದರೆ ಅದೂ ಇಲ್ಲ. ಆಫೀಸಿನ ಇಬ್ಬರ ಮೊಬೈಲಿನಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಇನ್ನು ಮುಂದೆ ಕಂಪ್ಯೂಟರ್ ಕೊಳ್ಳುವಾಗ ಒಂದಾದರೂ ಲ್ಯಾಪ್‌ಟಾಪ್ ಕೊಳ್ಳಿ, ಅದರೊಳಗೇ ಯುಪಿಎಸ್ ಇದೆ. ಬೆಸ್ಕಾಂನವರು ರಿಪೇರಿಗೆ ಅಂತ ಇಡೀ ದಿನ ತೆಗೆಯುವಾಗ ಮುಂಚೆಯೇ ಪ್ರಕಟಣೆ ಕೊಡುತ್ತಾರೆ. ಬೆಳಿಗ್ಗೆ ಪೇಪರಿನಲ್ಲಿ ಆ ಸಣ್ಣ ಸುದ್ದಿ ನೋಡುವುದು ಒಬ್ಬರ ಕೆಲಸ ಅಂತ ಹಂಚಿ. 18, 19ಕ್ಕೆ ಬಿದ್ದರೆ ಆ ದಿನ ಲ್ಯಾಪ್‌ಟಾಪ್ ಯಾರ ಮನೆಗೆ ಹೋಗಬೇಕು ಅನ್ನೋದು ಹಿಂದಿನ ದಿನವೇ ತೀರ್ಮಾನ ಆಗಿರಲಿ. ಮಿಕ್ಕಿದ್ದಕ್ಕೆ 1912 ಇದೆ.

ಈಗ ಡೇಟಾ. ನಿಮ್ಮ ಪೆನ್‌ಡ್ರೈವ್ ಬ್ಯಾಕಪ್ಪಿನ ಬಗ್ಗೆ ನನ್ನ ಮೊದಲ ಪ್ರಶ್ನೆ, ಅದರಿಂದ ಒಮ್ಮೆಯಾದರೂ ವಾಪಸ್ ತೆಗೆದು ನೋಡಿದ್ದೀರಾ? ನಾನು ನೋಡಿದ ಹೆಚ್ಚಿನ ಕಡೆ ಉತ್ತರ ಇಲ್ಲ ಅಂತಲೇ. ಎಲ್ಲ ಸರಿಯಿದ್ದರೂ ಒಂದು ಕೊರತೆ ಇದ್ದೇ ಇರುತ್ತದೆ. ಟ್ಯಾಲಿಯಲ್ಲಿ ಬ್ಯಾಕಪ್ ತೆಗೆಯುವಾಗ ಯಾವ ಕಂಪನಿ ಅಂತ ಆರಿಸಬೇಕು. ಯಾರೋ ಮೊದಲ ದಿನ ಒಂದಷ್ಟನ್ನು ಆರಿಸಿ ಹೇಳಿಕೊಟ್ಟಿರುತ್ತಾರೆ, ಆಮೇಲೆ ಬಂದ ಹೊಸ ಗಿರಾಕಿಗಳು ಅದರಲ್ಲಿ ಇರುವುದೇ ಇಲ್ಲ. ಇನ್ನು ಕೆಲವು ಕಂಪನಿ ಬೇರೆ ಫೋಲ್ಡರಿನಲ್ಲಿ ಇರುತ್ತವೆ. ಯಾವುದೋ ಹಳೆಯ ಹುಡುಗ ಡಿ ಡ್ರೈವಿನಲ್ಲಿ ಮಾಡಿ ಹೋಗಿರುತ್ತಾನೆ. ಟ್ಯಾಲಿಯ ಪಟ್ಟಿಯಲ್ಲಿ ಅರವತ್ತು ಕಾಣುತ್ತವೆ, ಬ್ಯಾಕಪ್ಪಿನಲ್ಲಿ ನಲವತ್ತಾರು ಇರುತ್ತವೆ.

ಪರೀಕ್ಷೆ ಹೀಗೆ ಮಾಡಿ. ಮುಖ್ಯ ಕಂಪ್ಯೂಟರಲ್ಲಿ ಬೇಡ, ಇನ್ನೊಂದರಲ್ಲಿ ಖಾಲಿ ಫೋಲ್ಡರ್ ಒಂದನ್ನು ಮಾಡಿ. `D:\Parikshe` ಅಂತ ಇಡಿ ಬೇಕಾದರೆ. ಆ ಕಂಪ್ಯೂಟರಿನ ಟ್ಯಾಲಿಯಲ್ಲಿ ರಿಸ್ಟೋರಿಗೆ ಹೋಗಿ, ಎಲ್ಲಿಂದ ಅನ್ನುವ ಕಡೆ ಪೆನ್‌ಡ್ರೈವ್, ಎಲ್ಲಿಗೆ ಅನ್ನುವ ಕಡೆ ಈ ಖಾಲಿ ಫೋಲ್ಡರ್ ಕೊಡಿ. ಆ ಎಲ್ಲಿಗೆ ಅನ್ನುವ ಸಾಲನ್ನು ಎರಡು ಸಲ ಓದಿ ಎಂಟರ್ ಒತ್ತಿ. ಮೇಲೆ ಹೇಳಿದ ಹುಡುಗ ಬಿದ್ದದ್ದು ಅದೇ ಸಾಲಿನಲ್ಲಿ. ಮುಗಿದ ಮೇಲೆ ಕಂಪನಿಗಳನ್ನು ಎಣಿಸಿ. ಆಮೇಲೆ ಯಾವುದಾದರೂ ಮೂರನ್ನು ತೆರೆದು, ಬ್ಯಾಕಪ್ ತೆಗೆದ ದಿನದ ಕೊನೆಯ ವೋಚರ್ ಇದೆಯಾ, ಬ್ಯಾಂಕಿನ ಬಾಕಿ ಮುಖ್ಯ ಕಂಪ್ಯೂಟರಿನ ಜೊತೆ ತಾಳೆಯಾಗುತ್ತದೆಯಾ ನೋಡಿ. ಎಷ್ಟು ನಿಮಿಷ ಹಿಡಿಯಿತು ಅಂತಲೂ ಬರೆಯಿರಿ. ತಿಂಗಳಿಗೊಮ್ಮೆ, 25ರ ಆಚೆ, ಕೆಲಸ ಕಮ್ಮಿ ಇರುವಾಗ ಮಾಡಿದರೆ ಸಾಕು.

ನಿಜಕ್ಕೂ ಡೇಟಾ ಕೆಟ್ಟ ದಿನ ಇನ್ನೂ ಒಂದು ಹೆಜ್ಜೆ ಮೊದಲು ಬರಬೇಕು. ಏನನ್ನೂ ಮುಟ್ಟುವ ಮುಂಚೆ ಎಲ್ಲರೂ ಟ್ಯಾಲಿ ಮುಚ್ಚಿ, ಇದ್ದ ಡೇಟಾ ಫೋಲ್ಡರನ್ನು ಇದ್ದ ಹಾಗೇ ಬೇರೆ ಕಡೆ ಕಾಪಿ ಮಾಡಿ. ಕೆಟ್ಟದ್ದೂ ಸೇರಿ. ರಿಪೇರಿ ಅನ್ನುವ ಆಯ್ಕೆ ಟ್ಯಾಲಿಯಲ್ಲೇ ಇದೆ, ಅನೇಕ ಸಲ ಅದರಿಂದಲೇ ಸರಿಹೋಗುತ್ತದೆ. ಆದರೆ ಅದನ್ನೂ ಆ ಕಾಪಿಯ ಮೇಲೆ ಓಡಿಸಿ ನೋಡಿ. ಆ ಆಫೀಸಿನಲ್ಲಿ ಇದೊಂದು ಮಾಡಿದ್ದರೆ ಮೂವತ್ತೆಂಟು ಕಂಪನಿ ಉಳಿಯುತ್ತಿದ್ದವು. ಉಳಿದೆರಡೂ ರಿಪೇರಿಯಾಗುತ್ತಿದ್ದವೋ ಏನೋ.

ಬ್ಯಾಕಪ್ ಎಲ್ಲಿ ಇಡಬೇಕು? ಎರಡು ಪೋರ್ಟಬಲ್ ಹಾರ್ಡ್‌ಡಿಸ್ಕ್ ತಗೊಳ್ಳಿ. ದಿನ ಬಿಟ್ಟು ದಿನ ಅದಲು ಬದಲು. ಒಂದು ಆಫೀಸಿನಲ್ಲಿದ್ದಾಗ ಇನ್ನೊಂದು ನಿಮ್ಮ ಮನೆಯಲ್ಲಿ. ಬ್ಯಾಕಪ್ ಮುಗಿದ ತಕ್ಷಣ ಡಿಸ್ಕನ್ನು ಕಿತ್ತು ಬೀರುವಿನೊಳಗೆ ಇಡಿ. ಸದಾ ಚುಚ್ಚಿಯೇ ಇದ್ದರೆ ವೈರಸ್ ಬಂದ ದಿನ, ಸಿಡಿಲು ಬಡಿದ ದಿನ, ಕಂಪ್ಯೂಟರ್ ಜೊತೆ ಅದೂ ಹೋಗುತ್ತದೆ. ಮೂರನೆಯ ಪ್ರತಿ ಗೂಗಲ್ ಡ್ರೈವ್ ಥರದ ಕಡೆ ಇರಲಿ. ಆದರೆ ಅಲ್ಲಿಗೆ ಹೋಗಬೇಕಾದದ್ದು ಬ್ಯಾಕಪ್ ಫೈಲು, ಓಡುತ್ತಿರುವ ಟ್ಯಾಲಿ ಫೋಲ್ಡರಲ್ಲ. ಓಡುತ್ತಿರುವ ಫೋಲ್ಡರನ್ನೇ ಸಿಂಕಿಗೆ ಹಾಕಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿಕೊಂಡು ಕೂರುತ್ತವೆ. ಸಿಂಕ್ ಅನ್ನುವುದೇ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಹೋಗುತ್ತದೆ.

ಎಕ್ಸೆಲ್, ಪಿಡಿಎಫ್, ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸಿದ ಬಿಲ್ಲುಗಳು ಇವೆಲ್ಲ ಒಂದೇ ಫೋಲ್ಡರಿನ ಕೆಳಗೆ ಇರಲಿ. ಟ್ಯಾಲಿ ತೆಗೆದ ಬ್ಯಾಕಪ್ ಫೈಲನ್ನೂ ಅದರೊಳಗೇ, ತಾರೀಖಿನ ಹೆಸರಿನ ಫೋಲ್ಡರಲ್ಲಿ ಇಟ್ಟರೆ, ಕಮಾಂಡ್ ಪ್ರಾಂಪ್ಟಿನಲ್ಲಿ ಕೊಡುವ ಈ ಒಂದು ಸಾಲು ಎಲ್ಲವನ್ನೂ ಡಿಸ್ಕಿಗೆ ಹಾಕುತ್ತದೆ. ಫೋಲ್ಡರ್ `D:\Office`, ಡಿಸ್ಕ್ `E:` ಅಂತ ಇಟ್ಟುಕೊಳ್ಳಿ.

```
robocopy D:\Office E:\Office /E /R:2 /W:5 /LOG:E:\log.txt
```

`/E` ಒಳಗಿನ ಫೋಲ್ಡರುಗಳನ್ನೂ ಒಯ್ಯುತ್ತದೆ, ಡಿಸ್ಕಿನಲ್ಲಿ ಮೊದಲಿದ್ದ ಬೇರೆ ಫೈಲುಗಳನ್ನು ಅಳಿಸುವುದಿಲ್ಲ. ಯಾರಾದರೂ `/MIR` ಹಾಕಿ ಅಂದರೆ ಹಾಕಬೇಡಿ. ಅದು ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸುತ್ತದೆ. `/R:2`, `/W:5` ಕೊಡದಿದ್ದರೆ ಯಾರೋ ತೆರೆದಿಟ್ಟು ಕಾಪಿಯಾಗದ ಒಂದು ಫೈಲಿಗೆ ಅದು ಹತ್ತು ಲಕ್ಷ ಸಲ ಪ್ರಯತ್ನ ಮಾಡುತ್ತದೆ, ಒಂದೊಂದಕ್ಕೆ ಮೂವತ್ತು ಸೆಕೆಂಡ್ ಕಾಯುತ್ತಾ. ಬೆಳಿಗ್ಗೆ ಬಂದು ನೋಡಿದರೆ ಅಲ್ಲೇ ನಿಂತಿರುತ್ತದೆ. ಮುಗಿದ ಮೇಲೆ `log.txt` ತೆರೆದು ಕೊನೆಯ ಪಟ್ಟಿಯಲ್ಲಿ `FAILED` ಅನ್ನುವ ಕಾಲಮ್ಮಿನ ಕೆಳಗೆ ಸೊನ್ನೆಯೇ ಇದೆಯಾ ನೋಡಿ. ಅದೊಂದು ಸೊನ್ನೆ ನೋಡುವುದು ದಿನದ ಕೊನೆಯ ಕೆಲಸ.

ಇನ್ನು ಕಂಪ್ಯೂಟರೇ ಸತ್ತರೆ? ಡೇಟಾ ಇದ್ದರೆ ಸಾಲದು, ಟ್ಯಾಲಿ ಲೈಸೆನ್ಸ್ ಇನ್ನೊಂದು ಕಂಪ್ಯೂಟರಿಗೆ ಬರಬೇಕು. ಅದಕ್ಕೆ ಲೈಸೆನ್ಸ್ ಕೊಂಡಾಗ ಕೊಟ್ಟ ಇ-ಮೇಲ್ ಬೇಕು. ಅನ್‌ಲಾಕ್ ಮಾಡುವ ಕೀ ಅಲ್ಲಿಗೇ ಬರುತ್ತದೆ. ಆ ಇ-ಮೇಲ್ ಯಾರದು ಅಂತ ಇವತ್ತೇ ನೋಡಿ. ಮಾರಿದ ಅಂಗಡಿಯವರದೋ, ಕೆಲಸ ಬಿಟ್ಟ ಹುಡುಗನದೋ ಆಗಿದ್ದರೆ ಆಶ್ಚರ್ಯ ಇಲ್ಲ.

ಕೊನೆಯದು ನಿಮ್ಮ ಮೇಡಂ ರಜೆ. ನನ್ನ ಪ್ರಕಾರ ನಿಮ್ಮ ಆಫೀಸಿಗೆ ದೊಡ್ಡ ಅಪಾಯ ಇಲ್ಲೇ ಇದೆ. ಅದೃಷ್ಟಕ್ಕೆ ಅವರು ಮುಂಚೆ ಹೇಳಿ ಹೋಗುತ್ತಿದ್ದಾರೆ. ಅವರಿಗೆ "ನಿಮಗೆ ಗೊತ್ತಿರೋದೆಲ್ಲ ಬರೆದುಕೊಡಿ" ಅಂತ ಕೇಳಬೇಡಿ. ಯಾರೂ ಹಾಗೆ ಬರೆಯಲಾರರು. ಕೈಗೆ ಅಭ್ಯಾಸ ಆದದ್ದು ತಲೆಗೆ ನೆನಪಾಗುವುದಿಲ್ಲ. ಅದರ ಬದಲು ಈ ತಿಂಗಳ 3ಬಿ ಸಮಯದಲ್ಲಿ ಇನ್ನೊಬ್ಬರನ್ನು ಕೀಬೋರ್ಡ್ ಮುಂದೆ ಕೂರಿಸಿ. ಮೇಡಂ ಪಕ್ಕದಲ್ಲಿ ಕೂರಲಿ, ಮೌಸ್ ಮುಟ್ಟಬಾರದು, ಕೇಳಿದರೆ ಮಾತ್ರ ಹೇಳಬೇಕು. ಕೀಬೋರ್ಡ್ ಮುಂದೆ ಕೂತವರು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಮೂರನೆಯವರೊಬ್ಬರು ಬರೆದುಕೊಳ್ಳಲಿ. ಅದೇ ನಿಮಗೆ ಬೇಕಾದ ಟಿಪ್ಪಣಿ. ಮಾಮೂಲಿ ಕಿರಾಣಿ ಅಂಗಡಿಯದೊಂದು, ತಕರಾರಿನ ಗಿರಾಕಿಯದೊಂದು, ಪ್ರೈವೇಟ್ ಲಿಮಿಟೆಡ್ಡಿನದೊಂದು, ಹೀಗೆ ಮೂರು ಥರದ್ದು ಮಾಡಿದರೆ ಮುಕ್ಕಾಲು ಪಾಲು ಹೊರಬರುತ್ತದೆ.

ಬರುವ ಪ್ರಶ್ನೆಗಳು ಎಂಥವು ಅಂತ ಒಂದು ಉದಾಹರಣೆ ಕೊಡುತ್ತೇನೆ. ಪೋರ್ಟಲ್ ತಾನಾಗಿ ತುಂಬಿದ 3ಬಿಯನ್ನು ಹಾಗೇ ಸಲ್ಲಿಸಿದರೆ ಎಲ್ಲಿ ತಪ್ಪಾಗುತ್ತದೆ? 2ಬಿಯಲ್ಲಿ ಬಂದ ಇನ್‌ಪುಟ್ ಎಲ್ಲವೂ ತಗೊಳ್ಳುವಂಥದ್ದಲ್ಲ. ಮಾಲೀಕರು ಮನೆಗೆ ಅಂತ ಅಂಗಡಿಯ ಜಿಎಸ್‌ಟಿ ನಂಬರಿನಲ್ಲಿ ಟಿವಿ ಕೊಂಡಿರುತ್ತಾರೆ, ಅದೂ ಬಂದು ಕೂತಿರುತ್ತದೆ. ಇನ್ನೊಂದು ಕಡೆ, ರಿಜಿಸ್ಟ್ರೇಷನ್ ಇಲ್ಲದವರಿಂದ ತಗೊಂಡದ್ದಕ್ಕೆ ಗಿರಾಕಿಯೇ ರಿವರ್ಸ್ ಚಾರ್ಜಿನಲ್ಲಿ ಕಟ್ಟಬೇಕಾದ ತೆರಿಗೆ ಏನಾದರೂ ಇದ್ದರೆ ಅದು ತಾನಾಗಿ ಬರುವುದಿಲ್ಲ. ಮೇಡಂಗೆ ಇವು ಗಿರಾಕಿಯ ಮುಖ ನೋಡಿದರೆ ನೆನಪಾಗುತ್ತವೆ. ಹಾಗಾಗಿ ಒಬ್ಬೊಬ್ಬ ಗಿರಾಕಿಗೆ ಅರ್ಧ ಪುಟ. ಯಾವ ಇನ್‌ಪುಟ್ ಬಿಡಬೇಕು, ರಿವರ್ಸ್ ಚಾರ್ಜ್ ಏನಿದೆ, ದುಡ್ಡು ಯಾರು ಯಾವಾಗ ಹಾಕುತ್ತಾರೆ, ಓಟಿಪಿ ಯಾರ ಫೋನಿಗೆ ಹೋಗುತ್ತದೆ, ಆ ಮನುಷ್ಯ ಯಾವ ಹೊತ್ತಿನಲ್ಲಿ ಫೋನ್ ಎತ್ತುತ್ತಾನೆ. ಅರವತ್ತು ಗಿರಾಕಿಗೆ ಮೂವತ್ತು ಹಾಳೆ. ಪ್ರಿಂಟ್ ತೆಗೆದು ಫೈಲ್ ಮಾಡಿ, ಕರೆಂಟಿಲ್ಲದಾಗಲೂ ಓದಬಹುದು.

ಆ ಫೈಲಿನಲ್ಲಿ ಪಾಸ್‌ವರ್ಡ್ ಮಾತ್ರ ಬರೆಯಬೇಡಿ. ಅವು ಈಗ ಎಲ್ಲಿವೆ ಅಂದರೆ, ನಾನು ಊಹೆ ಮಾಡುತ್ತೇನೆ, ಮೇಡಂ ಕಂಪ್ಯೂಟರಿನ ಕ್ರೋಮ್‌ನಲ್ಲಿ, ಅವರ ಸ್ವಂತ ಜಿಮೇಲ್ ಖಾತೆಯಲ್ಲಿ. ಅಲ್ವಾ? ಅದನ್ನೆಲ್ಲ ಕೀಪಾಸ್ ಅಥವಾ ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರಿಗೆ ಸಾಗಿಸಿ. ಅದರ ಒಂದು ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಮನೆಯ ಲಾಕರಿನಲ್ಲಿಡಿ.

ಓಟಿಪಿಯ ವಿಷಯ ರಜೆಗೆ ಮುಂಚೆಯೇ ಮುಗಿಯಬೇಕು. ಅರವತ್ತೂ ಗಿರಾಕಿಗಳ ಪೋರ್ಟಲಿಗೆ ಹೋಗಿ ಸಹಿದಾರರ ಮೊಬೈಲ್ ನಂಬರ್ ಯಾವುದು ಅಂತ ನೋಡಿ. ಮೇಡಂ ನಂಬರೋ ನಿಮ್ಮ ನಂಬರೋ ಇದ್ದರೆ ಗಿರಾಕಿಯ ನಂಬರಿಗೇ ಬದಲಾಯಿಸಿ. ಇದು ರಿಜಿಸ್ಟ್ರೇಷನ್ ತಿದ್ದುಪಡಿಯಲ್ಲಿ ನಾನ್-ಕೋರ್ ಅನ್ನುವ ಭಾಗದಲ್ಲಿ ಬರುತ್ತದೆ. ಕಂಪನಿಗಳಿದ್ದರೆ ಅಲ್ಲೇ ಎರಡನೇ ಸಹಿದಾರರನ್ನೂ ಸೇರಿಸಬಹುದು. ಇಬ್ಬರು ಡೈರೆಕ್ಟರುಗಳಿದ್ದರೆ ಇಬ್ಬರದೂ ಹಾಕಿಸಿ. ಡಿಜಿಟಲ್ ಸಹಿಯ ಟೋಕನ್ ಅದರ ಒಡೆಯರ ಹತ್ತಿರವೇ ಇರಬೇಕು. ನಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ, ಆದರೂ ತಪ್ಪೇ. ಟೋಕನ್ನಿಗೆ ಅವಧಿ ಇರುತ್ತದೆ, ಮುಗಿಯುವ ತಾರೀಖನ್ನು ಅದೇ ಅರ್ಧ ಪುಟದಲ್ಲಿ ಬರೆಯಿರಿ. ಅದನ್ನು ಓದಲು ಬೇಕಾದ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿನಲ್ಲೂ ಹಾಕಿ, ಒಮ್ಮೆ ಸಹಿ ಮಾಡಿ ನೋಡಿ. 20ರ ಸಂಜೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ.

ಇ-ವೇ ಬಿಲ್ಲಿಗೆ ಈಗ, 2025ರ ಏಪ್ರಿಲ್‌ನಿಂದ, ಲಾಗಿನ್ ಆಗುವಾಗಲೇ ಎಲ್ಲರಿಗೂ ಓಟಿಪಿ ಕಡ್ಡಾಯ. ಒಂದೇ ಲಾಗಿನ್ನನ್ನು ನಾಲ್ಕು ಜನ ಬಳಸುತ್ತಿದ್ದರೆ ಮೇಡಂ ಹೋದ ಮೊದಲ ದಿನವೇ ಲಾರಿ ನಿಲ್ಲುತ್ತದೆ. ಆ ಪೋರ್ಟಲಿನಲ್ಲಿ ಸಬ್-ಯೂಸರ್ ಮಾಡುವ ಅವಕಾಶ ಇದೆ. ನಿಮ್ಮ ಆಫೀಸಿನ ಒಬ್ಬರು, ಗಿರಾಕಿಯ ಗೋಡೌನಿನ ಒಬ್ಬರು, ಇಬ್ಬರಿಗೂ ಅವರವರ ಮೊಬೈಲ್ ನಂಬರಿನಲ್ಲಿ ಬೇರೆ ಬೇರೆ ಲಾಗಿನ್ ಮಾಡಿಕೊಡಿ. ಗೋಡೌನಿನ ಗುಮಾಸ್ತರು ಒಂದು ಸಲ ಕಲಿತರೆ ನಿಮಗೇ ಫೋನ್ ಕಡಿಮೆಯಾಗುತ್ತದೆ.

ಚಲನ್ ವಿಷಯದಲ್ಲೂ ಒಂದು ಅಭ್ಯಾಸ ಮಾಡಿಕೊಳ್ಳಿ. 14ಕ್ಕೆ 2ಬಿ ಬಂದಮೇಲೆ ಅಂದಾಜು ತೆರಿಗೆ ತಿಳಿದೇ ಇರುತ್ತದೆ. 17ರ ಹೊತ್ತಿಗೆ ಚಲನ್ ಮಾಡಿ ಗಿರಾಕಿಗೆ ಕಳಿಸಿ. ಒಮ್ಮೆ ಮಾಡಿದ ಚಲನ್ 15 ದಿನ ನಡೆಯುತ್ತದೆ. ದುಡ್ಡು ಮುಂಚೆಯೇ ಪೋರ್ಟಲಿನ ನಗದು ಲೆಡ್ಜರಿನಲ್ಲಿ ಕೂತಿದ್ದರೆ, 20ರಂದು ಉಳಿಯುವುದು ಸಲ್ಲಿಸುವುದು ಮತ್ತು ಓಟಿಪಿ ಅಷ್ಟೇ. ಒಬ್ಬ ಗಿರಾಕಿಗೆ ಹತ್ತು ನಿಮಿಷ. ಹಾಟ್‌ಸ್ಪಾಟಿನಲ್ಲೂ ಆಗುತ್ತದೆ.

ಇಷ್ಟು ಮಾಡಿದ ಮೇಲೆ ಮೇಡಂ ರಜೆಗೆ ಹೋಗುವ ಮುಂಚೆ ಒಂದು ದಿನ ಅವರಿಗೆ ಸುಮ್ನೆ ರಜೆ ಕೊಟ್ಟು ನೋಡಿ. ಫೋನ್ ಮಾಡಬಾರದು ಅಂತ ಕರಾರು. ತಿಂಗಳಿನ 12 ಅಥವಾ 13 ಒಳ್ಳೆಯದು, ತಪ್ಪಾದರೂ ತಿದ್ದಲು ಸಮಯ ಇರುತ್ತದೆ. ಆ ದಿನ ಯಾವ ಕೆಲಸ ಅವರಿಗಾಗಿ ಕಾದು ನಿಂತಿತು ಅಂತ ಪಟ್ಟಿ ಮಾಡಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಅರ್ಧ ಆಫೀಸೇ ಇರುವುದಿಲ್ಲ, ಆಗ ಹೇಗೆ ನಡೆಸಿದಿರಿ ಅಂತಲೂ ನೆನಪು ಮಾಡಿಕೊಳ್ಳಿ. ಆ ಸಲ ಏನೋ ಒಂದು ಉಪಾಯ ಮಾಡಿರುತ್ತೀರಿ, ಅದನ್ನೂ ಬರೆದಿಡಿ.

ಪ್ಲಾನಿನ ಕಾಗದ ಎರಡು ಪುಟ ಮೀರಬಾರದು. ಮೊದಲ ಪುಟದಲ್ಲಿ ತಾರೀಖುಗಳು, ಬೆಸ್ಕಾಂ, ಇನ್ವರ್ಟರಿನವರು, ಇಂಟರ್‌ನೆಟ್ಟಿನವರು, ಟ್ಯಾಲಿ ಕೊಟ್ಟವರು, ಇವರ ನಂಬರು. ಎರಡನೆಯದರಲ್ಲಿ ಡೇಟಾ ಕೆಟ್ಟರೆ ಯಾವುದಾದ ಮೇಲೆ ಯಾವುದು ಅನ್ನುವ ಹೆಜ್ಜೆಗಳು, ಮೊದಲ ಹೆಜ್ಜೆ ಕಾಪಿ ಮಾಡುವುದು ಅಂತ ಕೆಂಪು ಅಕ್ಷರದಲ್ಲಿ. ಒಂದು ಪ್ರತಿ ಮೀಟರ್ ಬೋರ್ಡಿನ ಪಕ್ಕ ಅಂಟಿಸಿ, ಒಂದೊಂದು ಪ್ರತಿ ಎಲ್ಲರ ಮನೆಯಲ್ಲೂ ಇರಲಿ. ಹಾಗೇ ಶಟರಿನ ಕೀಲಿ ಎಷ್ಟಿವೆ ನೋಡಿ. ಬೆಳಿಗ್ಗೆ ಬಾಗಿಲು ತೆಗೆಯುವವರೂ ಮೇಡಮ್ಮೇ ಆಗಿದ್ದರೆ ಇನ್ನೊಂದು ಕೀಲಿ ಈ ವಾರವೇ ಮಾಡಿಸಿ.